ಉಳ್ಳಾಗಡ್ಡಿ, ತತ್ತಿ, ಅಕ್ಕಿ ಮಾತ್ರ ಇದ್ದಾಗ ಮೂವರಿಗೆ ರಾತ್ರಿ ಊಟ

ಪ್ರಶ್ನೆ: ಮನೆಯಲ್ಲಿ ನಾಲ್ಕು ಉಳ್ಳಾಗಡ್ಡಿ, ಮೂರು ತತ್ತಿ, ಅಕ್ಕಿ, ಖಾರದ ಪುಡಿ, ಅರಿಶಿನ, ಜೀರಿಗೆ ಇಷ್ಟೇ ಉಳಿದಿವೆ. ಟೊಮೆಟೊ, ಕೊಬ್ಬರಿ ಇಲ್ಲ. ಮೂವರಿಗೆ ಹೊಟ್ಟೆ ತುಂಬುವಂತೆ ಏನು ಮಾಡಲಿ?

ತತ್ತಿಗಳನ್ನು ಹುರಿಯಬೇಡಿ, ಹುರಿದರೆ ಮೂರು ತತ್ತಿ ಮೂವರಿಗೆ ಸಾಲುವುದಿಲ್ಲ. ಅವನ್ನು ಗಟ್ಟಿ ಸಾರಿನಲ್ಲಿ ಒಡೆದು ಹಾಕಿ ಬೇಯಿಸಿ, ಒಂದೂವರೆ ಲೋಟ ಅಕ್ಕಿಯ ಅನ್ನದೊಂದಿಗೆ ಬಡಿಸಿ. ಕೊಪ್ಪಳದ ನಮ್ಮ ಮನೆಯಲ್ಲಿ ಸಂತೆಯ ಹಿಂದಿನ ದಿನ ಹೆಚ್ಚಾಗಿ ಇದೇ ಅಡುಗೆ.

ಕೊಬ್ಬರಿಯ ಕೆಲಸವನ್ನು ಇಲ್ಲಿ ಅಕ್ಕಿಯೇ ಮಾಡುತ್ತದೆ. ಎರಡು ದೊಡ್ಡ ಚಮಚ ಅಕ್ಕಿಯನ್ನು ಸಣ್ಣ ಉರಿಯಲ್ಲಿ ಹೊಂಬಣ್ಣಕ್ಕೆ ತಿರುಗುವವರೆಗೆ ಹುರಿದು, ಕೊನೆಗೆ ಒಂದು ಚಮಚ ಜೀರಿಗೆ ಸೇರಿಸಿ, ಆರಿದ ಮೇಲೆ ನುಣ್ಣಗೆ ಪುಡಿ ಮಾಡಿ ತಣ್ಣೀರಿನಲ್ಲಿ ಕಲಸಿಡಿ. ಒಣ ಪುಡಿಯನ್ನೇ ಕುದಿಯುವ ಸಾರಿಗೆ ಸುರಿದರೆ ಗಂಟು ಕಟ್ಟುತ್ತದೆ.

ಸಾರಿನ ರುಚಿಯೆಲ್ಲ ಉಳ್ಳಾಗಡ್ಡಿಯಲ್ಲಿದೆ, ಆದ್ದರಿಂದ ಇಲ್ಲಿ ಅವಸರ ಮಾಡಬಾರದು. ಮೂರೂವರೆ ಉಳ್ಳಾಗಡ್ಡಿಯನ್ನು ತೆಳ್ಳಗೆ ಹೆಚ್ಚಿ, ಮೂರು ದೊಡ್ಡ ಚಮಚ ಎಣ್ಣೆಯಲ್ಲಿ ಚಿಟಿಕೆ ಉಪ್ಪು ಹಾಕಿ ಸಣ್ಣ ಉರಿಯಲ್ಲಿ ಹದಿನೈದು ಇಪ್ಪತ್ತು ನಿಮಿಷ ಬಾಡಿಸಿ. ಮೊದಲು ನೀರು ಬಿಡುತ್ತದೆ, ಆಮೇಲೆ ಮೆತ್ತಗಾಗುತ್ತದೆ, ಕೊನೆಗೆ ಬೆಲ್ಲದ ಬಣ್ಣಕ್ಕೆ ಬಂದು ಅಂಚಿನಲ್ಲಿ ಎಣ್ಣೆ ಬಿಡುತ್ತದೆ. ತಳ ಹಿಡಿಯತೊಡಗಿದರೆ ಒಂದು ಚಮಚ ನೀರು ಚಿಮುಕಿಸಿ ಕೆರೆದುಕೊಳ್ಳಿ. ಕಪ್ಪಾದರೆ ಮಾತ್ರ ಕಹಿ ಹೋಗುವುದಿಲ್ಲ.

ಈಗ ಕಾಲು ಚಮಚ ಅರಿಶಿನ ಮತ್ತು ಖಾರದ ಪುಡಿ ಹಾಕಿ. ಬ್ಯಾಡಗಿಯದಾದರೆ ಒಂದೂವರೆ ಚಮಚ, ಗುಂಟೂರಿನದಾದರೆ ಒಂದೇ ಸಾಕು. ಖಾರದ ಪುಡಿ ಬಿಸಿ ಎಣ್ಣೆಯಲ್ಲಿ ಕ್ಷಣದಲ್ಲಿ ಸೀಯುವುದರಿಂದ, ಒಮ್ಮೆ ಕಲಕಿ ತಕ್ಷಣ ಮೂರು ಲೋಟ ನೀರು ಹೊಯ್ದುಬಿಡಿ. ಕುದಿ ಬಂದ ಮೇಲೆ ಉಪ್ಪು ನೋಡಿ ಹಾಕಿ, ಅಕ್ಕಿಯ ಕಲಕು ಬೆರೆಸಿ, ಹಸಿ ವಾಸನೆ ಹೋಗುವವರೆಗೆ ಎಂಟು ಹತ್ತು ನಿಮಿಷ ಕೈಯಾಡಿಸುತ್ತ ಕುದಿಸಿ. ಸೌಟಿನ ಬೆನ್ನಿಗೆ ತೆಳುವಾಗಿ ಅಂಟಿಕೊಂಡರೆ ಹದ ಬಂತು. ಆರಿದಂತೆ ಇನ್ನಷ್ಟು ಗಟ್ಟಿಯಾಗುವುದರಿಂದ ಒಲೆಯ ಮೇಲೆ ಸ್ವಲ್ಪ ತೆಳ್ಳಗಿರಲಿ. ಹುಣಸೆಹಣ್ಣು ಸಿಕ್ಕರೆ ಅದರ ಚೂರು ಹುಳಿಯನ್ನೂ ಈಗಲೇ ಹಿಂಡಬಹುದು.

ತತ್ತಿ ಹಾಕುವಾಗ ಉರಿ ತಗ್ಗಿಸಿ, ಸಾರು ಕೊತಕೊತ ಕುದಿಯದೆ ಅಲ್ಲಲ್ಲಿ ಗುಳ್ಳೆ ಏಳುವಂತಿರಲಿ, ಇಲ್ಲವಾದರೆ ಬಿಳಿಭಾಗ ಎಳೆ ಎಳೆಯಾಗಿ ಹರಡಿಹೋಗುತ್ತದೆ. ಒಂದೊಂದನ್ನೇ ಬಟ್ಟಲಿನಲ್ಲಿ ಒಡೆದು ನೋಡಿ, ಬಟ್ಟಲನ್ನು ಸಾರಿನ ಮೇಲಕ್ಕೇ ಇಳಿಸಿ ಮೆಲ್ಲಗೆ ಜಾರಿಸಿ. ನಮ್ಮ ಕಡೆಯ ಬಿಸಿಲಿಗೆ ಹೊರಗಿಟ್ಟ ತತ್ತಿ ಬೇಗ ಕೆಡುತ್ತದೆ. ಬಟ್ಟಲಿನಲ್ಲೇ ಒಡೆದರೆ ಒಂದು ಕೆಟ್ಟಿದ್ದರೂ ಇಡೀ ಸಾರು ಉಳಿಯುತ್ತದೆ. ಮುಚ್ಚಳ ಮುಚ್ಚಿ, ಸೌಟು ಆಡಿಸದೆ ಎಂಟು ನಿಮಿಷ ಬಿಟ್ಟರೆ ಹಳದಿಯೂ ಗಟ್ಟಿಯಾಗುತ್ತದೆ.

ಉಳಿದ ಅರ್ಧ ಉಳ್ಳಾಗಡ್ಡಿಯನ್ನು ಹಸಿಯಾಗಿಯೇ ಹೆಚ್ಚಿ, ಉಪ್ಪು ಸವರಿ ಪಕ್ಕದಲ್ಲಿಡಿ. ಬಡಿಸುವಾಗ ಪ್ರತಿ ತಟ್ಟೆಗೆ ಒಂದು ತತ್ತಿ, ಅನ್ನದ ಮೇಲೆ ಧಾರಾಳವಾಗಿ ಸಾರು.