ಆರ್ಟಿಸುನೇಟ್ ಮೊದಲು ಕೊಡುವುದು ಯಾಕೆ

ಪ್ರಶ್ನೆ: ಮಂಗಳೂರಿಗೆ ಗಾರೆ ಕೆಲಸಕ್ಕೆ ಹೋಗಿದ್ದ ನಮ್ಮ ಮಾವನಿಗೆ ಮಲೇರಿಯಾ ತಲೆಗೆ ಏರಿದೆ, ಶುಗರ್ ಇಳಿದಿದೆ, ಕಿಡ್ನಿ ಫೇಲ್ ಆಗಿದೆ ಅಂತಾರೆ. ಹುಬ್ಬಳ್ಳಿಯಲ್ಲಿ ಐಸಿಯುನಲ್ಲಿದ್ದಾರೆ. ಕ್ವಿನೈನ್ ಹಳೇ ಔಷಧ, ಗಟ್ಟಿ ಔಷಧ ಅಲ್ವಾ? ಅದನ್ನು ಬಿಟ್ಟು ಆರ್ಟಿಸುನೇಟ್ ಇಂಜೆಕ್ಷನ್ ಯಾಕೆ? ಕಿಡ್ನಿಗೆ ತೊಂದರೆ ಆಗಲ್ವಾ?

ನಾನು ಹುಬ್ಬಳ್ಳಿಯಲ್ಲಿ ಐಸಿಯು ಡಾಕ್ಟರ್. ನಿಮ್ಮ ಮಾವನನ್ನು ನಾನು ನೋಡಿಲ್ಲ. ಆದರೆ ಅಂಥದ್ದೇ ಒಬ್ಬ ರೋಗಿಯನ್ನು ನೋಡಿಕೊಂಡಿದ್ದೇನೆ, ಅವರ ಕಥೆ ಹೇಳಿದರೆ ನಿಮಗೆ ತಿಳಿಯುತ್ತದೆ.

ಹಾವೇರಿ ಕಡೆಯವರು, ತೂಕ 50 ಕೆಜಿ. ಐದು ದಿನ ಜ್ವರ ಇತ್ತು. ರಾತ್ರಿ ಹನ್ನೊಂದಕ್ಕೆ ಕರೆತಂದಾಗ ಮಾತಿಲ್ಲ, ಕೂಗಿದರೆ ಕಣ್ಣು ತೆರೆಯುತ್ತಿರಲಿಲ್ಲ. ಬೆರಳು ಚುಚ್ಚಿ ನೋಡಿದರೆ ಶುಗರ್ 34. ಕ್ಯಾಥೆಟರ್ ಹಾಕಿದ ಮೇಲೆ ಚೀಲಕ್ಕೆ ಬಂದದ್ದು ಸ್ವಲ್ಪವೇ ಮೂತ್ರ, ಅದೂ ಕಡಕ್ ಚಹಾ ಬಣ್ಣದ್ದು. ಕಿಡ್ನಿ ಕೆಟ್ಟಾಗ ರಕ್ತದಲ್ಲಿ ಏರುವ ಕ್ರಿಯಾಟಿನಿನ್ 4.8. ರಕ್ತದ ಸ್ಮಿಯರ್‌ನಲ್ಲಿ ಫಾಲ್ಸಿಪ್ಯಾರಂ ಅನ್ನುವ ಮಲೇರಿಯಾ ರೋಗಾಣು ಕಂಡಿತು.

ಮೊದಲು 25% ಡೆಕ್ಸ್ಟ್ರೋಸ್ 100 ಎಂಎಲ್ ಕೊಟ್ಟೆವು. ಶುಗರ್ ಮೇಲೆ ಬಂತು. ಅವರ ಅಣ್ಣ ಬಾಗಿಲಲ್ಲೇ ನಿಂತಿದ್ದರು. "ಗ್ಲೂಕೋಸ್ ಏರಿಸಿದ್ರೂ ಯಾಕ ಕಣ್ಣ ತೆರೀವಲ್ಲರೀ ಸರ್?" ಅಂದರು. ಆ ಪ್ರಶ್ನೆಯಲ್ಲೇ ಈ ಕಾಯಿಲೆಯ ತಿರುಳಿದೆ.

ಫಾಲ್ಸಿಪ್ಯಾರಂ ರೋಗಾಣು ಕೆಂಪು ರಕ್ತಕಣದೊಳಗೆ ಬೆಳೆಯುತ್ತದೆ. ಎಳೆಯದಿದ್ದಾಗ ಉಂಗುರದ ಹಾಗೆ ಕಾಣುತ್ತದೆ, ಆಗ ಆ ಕಣ ರಕ್ತದಲ್ಲಿ ತಿರುಗಾಡಿಕೊಂಡಿರುತ್ತದೆ. ಬಲಿತ ಮೇಲೆ ಕಣ ಅಂಟಂಟಾಗಿ ಸಣ್ಣ ರಕ್ತನಾಳಗಳ ಗೋಡೆಗೆ ಕಚ್ಚಿಕೊಳ್ಳುತ್ತದೆ. ಮೆದುಳಿನ ನಾಳಗಳಲ್ಲಿ ಹೀಗಾದರೆ ಎಚ್ಚರ ತಪ್ಪುತ್ತದೆ. ಕಿಡ್ನಿಯಲ್ಲಾದರೆ ಮೂತ್ರ ಕಡಿಮೆಯಾಗುತ್ತದೆ. ಶುಗರ್ ಸರಿ ಮಾಡಿದ ಮಾತ್ರಕ್ಕೆ ಈ ಅಡ್ಡಿ ಬಿಡುವುದಿಲ್ಲ, ಅದಕ್ಕೇ ಅವರು ಕಣ್ಣು ತೆರೆಯಲಿಲ್ಲ.

ಕ್ವಿನೈನ್ ಹೆಚ್ಚಾಗಿ ಕೊಲ್ಲುವುದು ಬಲಿತ ರೋಗಾಣುವನ್ನು. ಅಷ್ಟರಲ್ಲಿ ಅದು ನಾಳಕ್ಕೆ ಅಂಟಿಕೊಂಡಾಗಿರುತ್ತದೆ. ಆರ್ಟಿಸುನೇಟ್ ಎಳೆಯ ಉಂಗುರವನ್ನೂ ಕೊಲ್ಲುತ್ತದೆ. ಹಾಗಾಗಿ ಹೊಸದಾಗಿ ಅಂಟಿಕೊಳ್ಳುವ ಕಣಗಳು ಬೇಗ ಕಡಿಮೆಯಾಗುತ್ತವೆ. ಈ ಔಷಧದ ದೊಡ್ಡ ಬಲ ಇದೇ.

ಶುಗರ್ ವಿಷಯಕ್ಕೆ ಬಂದರೆ, ರೋಗಾಣು ತಾನೇ ಗ್ಲೂಕೋಸ್ ತಿನ್ನುತ್ತದೆ, ಊಟ ಸೇರದ ಮೈಯಲ್ಲಿ ಲಿವರ್‌ನ ಸಂಗ್ರಹವೂ ಖಾಲಿಯಾಗಿರುತ್ತದೆ. ಅದರ ಮೇಲೆ ಕ್ವಿನೈನ್ ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ಹೆಚ್ಚು ಹೊರಡುವಂತೆ ಮಾಡುತ್ತದೆ. ಎಚ್ಚರವಿಲ್ಲದ ರೋಗಿಗೆ ಶುಗರ್ ಇಳಿದರೆ ಮುಖ ನೋಡಿ ಗೊತ್ತಾಗುವುದಿಲ್ಲ. ಆರ್ಟಿಸುನೇಟ್‌ಗೆ ಆ ಗುಣ ಇಲ್ಲ. ಆದರೂ ಕಾಯಿಲೆಯಿಂದಲೇ ಶುಗರ್ ಮತ್ತೆ ಇಳಿಯಬಹುದು. ನಮ್ಮ ರೋಗಿಗೆ ಬೆಳಗಿನ ಜಾವ ಮತ್ತೆ 52 ಬಂತು. ಬೆರಳು ಚುಚ್ಚುವುದನ್ನು ನಿಲ್ಲಿಸದೆ ಇದ್ದದ್ದಕ್ಕೆ ಸಿಕ್ಕಿತು.

ಡೋಸ್ ಒಂದು ಕೆಜಿಗೆ 2.4 ಮಿಗ್ರಾಂ, ಅಂದರೆ ಅವರಿಗೆ 120. 60 ಮಿಗ್ರಾಂನ ಎರಡು ಸೀಸೆ ಪುಡಿ. ಒಂದೊಂದಕ್ಕೂ 1 ಎಂಎಲ್ ಸೋಡಿಯಂ ಬೈಕಾರ್ಬೊನೇಟ್ ದ್ರಾವಣ ಹಾಕಿ, ತಿಳಿಯಾಗುವವರೆಗೆ ಅಲುಗಾಡಿಸಿ, ನಂತರ 5 ಎಂಎಲ್ ಸಲೈನ್ ಸೇರಿಸಿದೆವು. ಒಟ್ಟು 12 ಎಂಎಲ್, ಮೂರು ನಾಲ್ಕು ನಿಮಿಷದಲ್ಲಿ ನರಕ್ಕೆ ಕೊಟ್ಟು ಮುಗಿಯಿತು. ಕ್ವಿನೈನ್ ಆದರೆ ನಾಲ್ಕು ಗಂಟೆ ನಿಧಾನವಾಗಿ ಡ್ರಿಪ್ ಹಾಕಬೇಕು, ಹೃದಯದ ಲಯವನ್ನೂ ಕಾಯಬೇಕು. ಮುಂದಿನ ಆರ್ಟಿಸುನೇಟ್ ಡೋಸ್ ಮೊದಲನೆಯದು ಕೊಟ್ಟು 12 ಗಂಟೆ ಆದ ಮೇಲೆ, ಇನ್ನೊಂದು 24 ಗಂಟೆ ಆದ ಮೇಲೆ, ನಂತರ ದಿನಕ್ಕೊಂದು.

ಕಿಡ್ನಿ ಬಗ್ಗೆ ನಿಮ್ಮ ಭಯ ಸಹಜ. ಆದರೆ ಆರ್ಟಿಸುನೇಟ್ ಮೈಯಲ್ಲಿ ಬಹಳ ಬೇಗ ಒಡೆದು ಹೋಗುತ್ತದೆ. ಕಿಡ್ನಿ ನಿಂತಿದ್ದರೂ ಡೋಸ್ ಕಡಿಮೆ ಮಾಡುವುದಿಲ್ಲ. ಕ್ವಿನೈನ್‌ನಲ್ಲಿ ಹಾಗಲ್ಲ, 48 ಗಂಟೆ ಆದ ಮೇಲೆ ಡೋಸ್ ಇಳಿಸಬೇಕಾಗುತ್ತದೆ. ಹಾಗಂತ ಆರ್ಟಿಸುನೇಟ್ ಕೊಟ್ಟ ಕೂಡಲೇ ಕಿಡ್ನಿ ತೆರೆಯುವುದೂ ಇಲ್ಲ. ನಮ್ಮ ರೋಗಿಗೆ ನಾಲ್ಕು ಸಲ ಡಯಾಲಿಸಿಸ್ ಬೇಕಾಯಿತು. ಮೂತ್ರ ಬರಲಿ ಅಂತ ಸುಮ್ನೆ ಸಲೈನ್ ಜಾಸ್ತಿ ಏರಿಸಿದರೆ ಶ್ವಾಸಕೋಶದಲ್ಲಿ ನೀರು ತುಂಬುತ್ತದೆ, ಅದಕ್ಕೆ ಅಳೆದು ಕೊಡುತ್ತೇವೆ.

ಇದು ನನ್ನೊಬ್ಬನ ಅಭಿಪ್ರಾಯವಲ್ಲ. ಭಾರತ, ಬಾಂಗ್ಲಾದೇಶ, ಮ್ಯಾನ್ಮಾರ್, ಇಂಡೋನೇಷ್ಯಾಗಳಲ್ಲಿ 1461 ರೋಗಿಗಳ ಮೇಲೆ ನಡೆದ ಅಧ್ಯಯನ 2005ರಲ್ಲಿ ಪ್ರಕಟವಾಯಿತು. ಕ್ವಿನೈನ್ ಪಡೆದವರಲ್ಲಿ ನೂರಕ್ಕೆ 22 ಜನ ತೀರಿಕೊಂಡರು, ಆರ್ಟಿಸುನೇಟ್ ಪಡೆದವರಲ್ಲಿ 15. ಈ ಔಷಧ ಕೊಟ್ಟರೂ ಕೆಲವರು ಉಳಿಯುವುದಿಲ್ಲ, ಅದನ್ನು ನಿಮ್ಮಿಂದ ಮುಚ್ಚಿಡಲಾರೆ. ಆರ್ಟಿಸುನೇಟ್ ಸಿಗದೇ ಇದ್ದರೆ ಮಾತ್ರ ಕ್ವಿನೈನ್ ಹಾಕಬೇಕು, ಕಾಯುತ್ತಾ ಕೂರಬಾರದು.

ನಮ್ಮ ರೋಗಿ ಮೂರನೇ ದಿನ ಅಣ್ಣನ ಹೆಸರು ಹೇಳಿದರು. ನುಂಗುವಂತಾದ ಮೇಲೆ ಮೂರು ದಿನದ ಮಲೇರಿಯಾ ಮಾತ್ರೆಗಳ ಪೂರ್ತಿ ಕೋರ್ಸ್ ಕೊಟ್ಟೆವು. ಇಂಜೆಕ್ಷನ್ ಒಂದೇ ಸಾಲದು, ಉಳಿದ ರೋಗಾಣು ಮತ್ತೆ ಎದ್ದೀತು.

ಡಿಸ್ಚಾರ್ಜ್ ಆದ ಮೇಲೂ ನಾಲ್ಕು ವಾರ, ವಾರಕ್ಕೊಮ್ಮೆ ಹಿಮೋಗ್ಲೋಬಿನ್ ನೋಡಿಸಿ. ಆರ್ಟಿಸುನೇಟ್ ಪಡೆದ ಕೆಲವರಲ್ಲಿ ಒಂದೆರಡು ವಾರದ ನಂತರ ರಕ್ತಕಣ ಒಡೆಯುತ್ತವೆ. ನಮ್ಮವರಿಗೆ ಹದಿಮೂರನೇ ದಿನ 9ರಿಂದ 6.4ಕ್ಕೆ ಇಳಿದಿತ್ತು, ಒಂದು ಬಾಟಲಿ ರಕ್ತ ಹಾಕಬೇಕಾಯಿತು. ಮಾವನ ಕಣ್ಣು ಹಳದಿಯಾದರೆ, ಮೂತ್ರ ಕಪ್ಪಾದರೆ, ನಡೆದರೆ ಏದುಸಿರು ಬಂದರೆ ವಾರ ತುಂಬಲಿ ಅಂತ ಕಾಯಬೇಡಿ, ಅವತ್ತೇ ಕರೆತನ್ನಿ.