ಒಂದಕ್ಕೆ ಕಂಬಸಾಲು, ಇನ್ನೊಂದಕ್ಕೆ ಅಡ್ಡಸಾಲು ಯಾಕೆ?

ಪ್ರಶ್ನೆ: ಮ್ಯಾಟ್ರಿಕ್ಸಿನ 1-ನಾರ್ಮ್‌ಗೆ ಕಂಬಸಾಲು ಕೂಡಿಸಬೇಕು, ∞-ನಾರ್ಮ್‌ಗೆ ಅಡ್ಡಸಾಲು ಕೂಡಿಸಬೇಕು ಅಂತ ಬಾಯಿಪಾಠ ಮಾಡಿದ್ದೇನೆ. ಪರೀಕ್ಷೆಯಲ್ಲಿ ಪ್ರತಿ ಸಲ ಅದಲು ಬದಲು ಆಗುತ್ತದೆ. ಹೀಗೆ ಕೂಡಿಸಿದರೆ ಏನು ಅಳೆದ ಹಾಗಾಯಿತು?

ಉತ್ತರ: ಮೊದಲು ಮ್ಯಾಟ್ರಿಕ್ಸನ್ನು ಅಂಕೆಗಳ ಪಟ್ಟಿ ಅಂತ ನೋಡುವುದನ್ನು ಬಿಡಿ. ಅದೊಂದು ಯಂತ್ರ. x ಎಂಬ ವೆಕ್ಟರ್ ಒಳಗೆ ಹೋಗುತ್ತದೆ, Ax ಹೊರಗೆ ಬರುತ್ತದೆ. ಒಳಗೆ ಹೋದದ್ದರ ಅಳತೆ 1 ಆಗಿದ್ದರೆ, ಹೊರಬರುವುದರ ಅಳತೆ ಹೆಚ್ಚೆಂದರೆ ಎಷ್ಟಾಗಬಹುದು? ಆ ಗರಿಷ್ಠವೇ ಮ್ಯಾಟ್ರಿಕ್ಸಿನ ನಾರ್ಮ್. ವೆಕ್ಟರನ್ನು ಯಾವ ಕೋಲಿನಿಂದ ಅಳೆಯುತ್ತೀರಿ ಅನ್ನುವುದರ ಮೇಲೆ ಉತ್ತರ ಬದಲಾಗುತ್ತದೆ, ಅಷ್ಟೇ.

ಈ ಮ್ಯಾಟ್ರಿಕ್ಸ್ ತೆಗೆದುಕೊಳ್ಳೋಣ:

```
     2  -3   1
A =  4   0  -2
    -1   5   6
```

1-ನಾರ್ಮ್‌ನಲ್ಲಿ ವೆಕ್ಟರಿನ ಅಳತೆ ಎಂದರೆ ಅದರ ಅಂಶಗಳ ಚಿಹ್ನೆ ಬಿಟ್ಟು ಮಾಡಿದ ಮೊತ್ತ. ಅಂದರೆ ನಿಮ್ಮ ಕೈಯಲ್ಲಿ ಒಟ್ಟು ಒಂದು ರೂಪಾಯಿ ಇದೆ, ಅದನ್ನು x1, x2, x3 ಎಂದು ಹಂಚಬೇಕು. Ax ಅನ್ನುವುದು ಕಂಬಸಾಲುಗಳ ಮಿಶ್ರಣ: x1 ಪಾಲು ಮೊದಲ ಕಂಬಸಾಲು, x2 ಪಾಲು ಎರಡನೆಯದು, x3 ಪಾಲು ಮೂರನೆಯದು. ಚಿಹ್ನೆ ಬಿಟ್ಟು ಕೂಡಿದರೆ ಈ ಕಂಬಸಾಲುಗಳ ಮೊತ್ತ 7, 8, 9. ಮೂರು ಕಡೆ ಹಂಚಿದರೆ ಸಿಗುವುದು ಹೆಚ್ಚೆಂದರೆ ಪಾಲಿಗೆ ತಕ್ಕಂತೆ ಇವುಗಳ ಸರಾಸರಿ. ಪ್ಲಸ್ಸು ಮೈನಸ್ಸು ಹೊಡೆದುಹೋದರೆ ಇನ್ನೂ ಕಡಿಮೆ. ಜಾಸ್ತಿ ಬೇಕೆಂದರೆ ಇಡೀ ರೂಪಾಯಿಯನ್ನು ಮೂರನೆಯದರ ಮೇಲೆ ಹಾಕಬೇಕು, ಅಲ್ವಾ? x = (0, 0, 1) ಇಟ್ಟರೆ Ax = (1, -2, 6), ಅಳತೆ 9. ಹಾಗಾಗಿ 1-ನಾರ್ಮ್ 9.

∞-ನಾರ್ಮ್‌ನ ಕೋಲು ಬೇರೆ. ಅಲ್ಲಿ ವೆಕ್ಟರಿನ ಅಳತೆ ಎಂದರೆ ಚಿಹ್ನೆ ಬಿಟ್ಟು ನೋಡಿದಾಗ ಅದರ ಅತಿ ದೊಡ್ಡ ಅಂಶ ಮಾತ್ರ. ಈಗ ಹಂಚುವ ತಾಪತ್ರಯವೇ ಇಲ್ಲ. x1, x2, x3 ಮೂರೂ ಒಟ್ಟಿಗೆ 1 ಅಥವಾ -1 ಆಗಬಹುದು. ಹೊರಬರುವ ಒಂದೊಂದು ಅಂಶವೂ ಒಂದೊಂದು ಅಡ್ಡಸಾಲಿನಿಂದ ಹುಟ್ಟುತ್ತದೆ, ನಮಗೆ ಬೇಕಿರುವುದು ಅವುಗಳಲ್ಲಿ ದೊಡ್ಡದು. ಚಿಹ್ನೆ ಬಿಟ್ಟು ಕೂಡಿದರೆ ಅಡ್ಡಸಾಲುಗಳ ಮೊತ್ತ 6, 6, 12. ಉತ್ತರ 12.

ಇಲ್ಲೇ ತುಂಬಾ ಜನ ಎಡವುತ್ತಾರೆ. ಸುಮ್ನೆ x = (1, 1, 1) ಇಟ್ಟು ನೋಡಿದರೆ Ax = (0, 2, 10). ಹನ್ನೆರಡು ಬರಲಿಲ್ಲವಲ್ಲ ಅಂತ ಗಾಬರಿ. ಮೂರನೇ ಅಡ್ಡಸಾಲಿನಲ್ಲಿರುವ -1 ನಮ್ಮಿಂದ ಕಿತ್ತುಕೊಳ್ಳುತ್ತಿದೆ. ಅದರ ಚಿಹ್ನೆಗೆ ತಕ್ಕ ಹಾಗೆ x = (-1, 1, 1) ಇಡಿ: Ax = (-4, -6, 12). ಚಿಹ್ನೆ ಬಿಟ್ಟು ಕೂಡುವುದು ಯಾಕೆ ಅನ್ನುವುದಕ್ಕೆ ಕಾರಣ ಇದೇ. x ನ ಚಿಹ್ನೆ ನಮ್ಮ ಕೈಯಲ್ಲಿರುವುದರಿಂದ ಪ್ರತಿ ಪದವನ್ನೂ ಪ್ಲಸ್ ಮಾಡಿಕೊಳ್ಳಬಹುದು. ಪರೀಕ್ಷೆಯಲ್ಲಿ ಗೊಂದಲವಾದರೆ ಇಂಥ ಒಂದು x ಹುಡುಕಿ. ಅದು ಸಿಕ್ಕಿದರೆ ಉತ್ತರವನ್ನು ನೀವೇ ತಾಳೆ ನೋಡಿದ ಹಾಗೆ.

ಇನ್ನು ಇದು ಏನನ್ನು ಅಳೆಯುತ್ತದೆ ಅನ್ನುವುದು. ಒಳಗೆ ಹೋದ ಸಣ್ಣ ತಪ್ಪು ಹೊರಗೆ ಬರುವಾಗ ಎಷ್ಟು ದೊಡ್ಡದಾಗಬಹುದು ಎಂಬುದನ್ನು. ಈ ಎರಡು ಸಮೀಕರಣ ನೋಡಿ:

```
x +      y = 2
x + 1.01 y = 2.01
```

ಉತ್ತರ x = 1, y = 1. ಬಲಗಡೆಯ ಎರಡೂ ಅಂಕೆಗಳಲ್ಲಿ 0.01 ರಷ್ಟು ತಪ್ಪಾಗಿ 2.01 ಮತ್ತು 2.00 ಅಂತ ಬರೆದುಕೊಂಡಿರಿ ಎನ್ನಿ. ಬಿಡಿಸಿದರೆ x = 3.01, y = -1 ಬರುತ್ತದೆ! ಲೆಕ್ಕದಲ್ಲಿ ಎಲ್ಲೂ ತಪ್ಪಿಲ್ಲ. ಬಲಗಡೆಯಿಂದ ಉತ್ತರಕ್ಕೆ ಹೋಗುವ ಯಂತ್ರ ಇನ್ವರ್ಸ್ ಮ್ಯಾಟ್ರಿಕ್ಸ್, ಅದನ್ನು ಬರೆದು ನೋಡಿ:

```
 101  -100
-100   100
```

ಅಡ್ಡಸಾಲುಗಳ ಮೊತ್ತ 201 ಮತ್ತು 200. ಹಾಗಾಗಿ ∞-ನಾರ್ಮ್ 201. 0.01 ತಪ್ಪು ಹೆಚ್ಚೆಂದರೆ 201 × 0.01 = 2.01 ಆಗಬಹುದು. x ಒಂದರಿಂದ 3.01ಕ್ಕೆ ಹಾರಿದ್ದು ಸರಿಯಾಗಿ ಅಷ್ಟೇ. ನಾನು ತಪ್ಪುಗಳನ್ನು ಬೇಕೆಂದೇ (+, -) ದಿಕ್ಕಿನಲ್ಲಿ ಇಟ್ಟೆ, ಮೊದಲ ಅಡ್ಡಸಾಲಿನ ಚಿಹ್ನೆ ಅದೇ ತಾನೇ. ಎರಡಕ್ಕೂ +0.01 ಸೇರಿಸಿ 2.01, 2.02 ಮಾಡಿದ್ದರೆ ಉತ್ತರ x = 1.01, y = 1. ಏನೂ ಅನಾಹುತವಿಲ್ಲ. ನಾರ್ಮ್ ಹೇಳುವುದು ಅತಿ ಕೆಟ್ಟ ಸಂದರ್ಭವನ್ನು. ಪ್ರತಿ ಸಲವೂ ಅಷ್ಟು ಕೆಡುತ್ತದೆ ಅಂತ ಅಲ್ಲ.

ಮೂಲ ಮ್ಯಾಟ್ರಿಕ್ಸಿನ ∞-ನಾರ್ಮ್ 2.01. ಅದನ್ನು 201ರಿಂದ ಗುಣಿಸಿದರೆ ಸುಮಾರು 404. ಇದಕ್ಕೆ ಕಂಡೀಷನ್ ನಂಬರ್ ಅನ್ನುತ್ತಾರೆ. ಬಲಗಡೆ ಶೇಕಡಾ ಅರ್ಧದಷ್ಟು ತಪ್ಪಿದ್ದರೂ ಉತ್ತರದಲ್ಲಿ ಶೇಕಡಾ 200ರಷ್ಟು ತಪ್ಪು ಬರಬಹುದು ಅಂತ ಅದು ಮೊದಲೇ ಹೇಳಿಬಿಡುತ್ತದೆ. ಮೇಲೆ ಆಗಿದ್ದೂ ಅದೇ.