ಎರಡನೆಯ ಪುಟದಲ್ಲಿ ಉಳಿದುಹೋದ ಪ್ರಾಜೆಕ್ಟ್: ಒಬ್ಬ ಫ್ರೆಶರ್‌ನ ರೆಸ್ಯೂಮೆ ಪ್ರಕರಣ

ಈ ಪ್ರಕರಣದ ವಿದ್ಯಾರ್ಥಿನಿಯನ್ನು ಇಲ್ಲಿ ಮಲ್ಲಮ್ಮ ಎಂದು ಕರೆಯುತ್ತೇನೆ. ಇದು ಆಕೆಯ ನಿಜವಾದ ಹೆಸರಲ್ಲ, ಗುರುತು ಸಿಗಬಹುದಾದ ಕೆಲವು ವಿವರಗಳನ್ನೂ ಬದಲಿಸಿದ್ದೇನೆ. ಆಕೆ ಯಾದಗಿರಿ ಜಿಲ್ಲೆಯ ಸುರಪುರ ತಾಲ್ಲೂಕಿನವಳು. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಕಲಬುರಗಿಯಲ್ಲಿ ಕಂಪ್ಯೂಟರ್ ಸೈನ್ಸ್ ವಿಷಯದಲ್ಲಿ ಬಿ.ಇ. ಮುಗಿಸಿದ್ದಳು. ಸಾಫ್ಟ್‌ವೇರ್ ಕೆಲಸಗಳಿಗೆ ಐದು ತಿಂಗಳಿನಿಂದ ಅರ್ಜಿ ಹಾಕುತ್ತಿದ್ದರೂ ಒಂದು ಕರೆಯೂ ಬಂದಿರಲಿಲ್ಲ. ನನ್ನ ಮುಂದೆ ಕುಳಿತು, "ಸರ್, ಎಲ್ಲಾನೂ ಬರ್ದೀನ್ರಿ, ಆದ್ರ ಒಬ್ಬರೂ ಕರೀವಲ್ರು" ಎಂದು ಎರಡು ಪುಟಗಳ ರೆಸ್ಯೂಮೆಯನ್ನು ಮೇಜಿನ ಮೇಲಿಟ್ಟಳು.

ಓದುವ ಮೊದಲು ಅಳತೆಪಟ್ಟಿ ಹಿಡಿದು ಆ ಪುಟವನ್ನು ಅಳೆಯುವಂತೆ ಆಕೆಗೆ ಹೇಳಿದೆ. ಎ4 ಹಾಳೆಯ ಎತ್ತರ 29.7 ಸೆಂಟಿಮೀಟರ್. ಮೇಲೆ ಕೆಳಗೆ ತಲಾ ಎರಡೂವರೆ ಸೆಂಟಿಮೀಟರ್ ಅಂಚು ಹೋದರೆ ಬರೆಯಲು ಉಳಿಯುವುದು 24.7 ಸೆಂಟಿಮೀಟರ್. ಅದರಲ್ಲಿ 'ರೆಸ್ಯೂಮೆ' ಎಂಬ ದೊಡ್ಡ ಶೀರ್ಷಿಕೆ, ಫೋಟೋ ಮತ್ತು ಮನೆಯ ಪೂರ್ಣ ವಿಳಾಸ ಆರೂವರೆ ಸೆಂಟಿಮೀಟರ್ ತೆಗೆದುಕೊಂಡಿದ್ದವು. ಕೆರಿಯರ್ ಆಬ್ಜೆಕ್ಟಿವ್ ಮೂರು ಸೆಂಟಿಮೀಟರ್, ಗೆರೆ ಹಾಕಿದ ಅಂಕಗಳ ಕೋಷ್ಟಕ ಏಳು ಸೆಂಟಿಮೀಟರ್ ಇದ್ದವು. ಉಳಿದ ಜಾಗದಲ್ಲಿ ಸ್ಕಿಲ್ಸ್, ಸ್ಟ್ರೆಂಗ್ತ್ಸ್, ಹವ್ಯಾಸಗಳು ತುಂಬಿಕೊಂಡಿದ್ದವು. ಆಕೆ ನಾಲ್ಕು ತಿಂಗಳು ದುಡಿದು ಕಟ್ಟಿದ ಪ್ರಾಜೆಕ್ಟ್ ಎರಡನೆಯ ಪುಟಕ್ಕೆ ಹೋಗಿತ್ತು. ಅದರ ಕೆಳಗೆ ತಂದೆಯ ಹೆಸರು, ಜಾತಿ, ಧರ್ಮ, ವೈವಾಹಿಕ ಸ್ಥಿತಿ, 371(ಜೆ) ಅರ್ಹತೆ, ಘೋಷಣೆ, ಸ್ಥಳ ಮತ್ತು ಸಹಿ ಇದ್ದವು.

ನಮ್ಮ ಭಾಗದ ಅನೇಕ ಮಕ್ಕಳ ರೆಸ್ಯೂಮೆ ಹೀಗಿರುವುದಕ್ಕೆ ಕಾರಣವಿದೆ. ಮನೆಯಲ್ಲಿ ಅವರು ನೋಡಿರುವುದು ಸರ್ಕಾರಿ ಹುದ್ದೆಯ ಅರ್ಜಿಯನ್ನು, ಮತ್ತು ಆ ಅರ್ಜಿಯಲ್ಲಿ ಈ ಎಲ್ಲ ವಿವರಗಳೂ ಬೇಕೇ ಬೇಕು. 371(ಜೆ) ವಿಧಿಯ ಮೀಸಲಾತಿ ರಾಜ್ಯ ಸರ್ಕಾರದ ನೇಮಕಾತಿಗೂ ಶಿಕ್ಷಣ ಸಂಸ್ಥೆಗಳ ಪ್ರವೇಶಕ್ಕೂ ಸಂಬಂಧಿಸಿದ್ದು. ಖಾಸಗಿ ಸಾಫ್ಟ್‌ವೇರ್ ಕಂಪನಿಯ ಆಯ್ಕೆಯಲ್ಲಿ ಅದಕ್ಕೆ ಸ್ಥಾನವಿಲ್ಲ. ಆ ಪ್ರಮಾಣಪತ್ರವನ್ನು ಜೋಪಾನವಾಗಿ ಫೈಲಿನಲ್ಲಿಟ್ಟುಕೊಂಡು ರೆಸ್ಯೂಮೆಯಿಂದ ಆ ಸಾಲನ್ನು ತೆಗೆಯಲು ಹೇಳಿದಾಗ ಆಕೆ ಒಪ್ಪಿದಳು. ಆದರೆ ತಂದೆಯ ಹೆಸರಿಗೆ ಬಂದಾಗ ಆಕೆಯ ಕೈ ತಡೆಯಿತು. "ತಂದಿ ಹೆಸರಿಲ್ದ ಅರ್ಜಿ ಹೆಂಗ ಆಗ್ತದ ಅಂತ ಅಪ್ಪ ಕೇಳ್ತಾನ್ರಿ" ಎಂದಳು. ಆ ಪ್ರಶ್ನೆಯ ಹಿಂದಿನ ಭಾವನೆಯನ್ನು ನಾನು ಗೌರವಿಸುತ್ತೇನೆ. ಕೆಲಸ ಖಚಿತವಾದ ಮೇಲೆ ಕಂಪನಿಯೇ ದಾಖಲೆಗಳನ್ನು ಪ್ರತ್ಯೇಕವಾಗಿ ಕೇಳುತ್ತದೆ, ತಂದೆಯ ಹೆಸರನ್ನು ಆಗ ಬರೆಯಬಹುದು ಎಂದು ಮನೆಯಲ್ಲಿ ತಿಳಿಸಲು ಹೇಳಿದೆ.

ಒಂದು ವಾರದ ನಂತರ ಬಂದ ಎರಡನೆಯ ಕರಡು ಒಂದೇ ಪುಟದ್ದಾಗಿತ್ತು, ಆದರೆ ತಪ್ಪು ದಾರಿಯಿಂದ ಅಲ್ಲಿಗೆ ತಲುಪಿತ್ತು. ವಿಷಯವನ್ನು ಅಷ್ಟಾಗಿ ಕಡಿಮೆ ಮಾಡದೆ ಅಕ್ಷರದ ಗಾತ್ರವನ್ನು 8.5 ಪಾಯಿಂಟಿಗೆ, ಅಂಚನ್ನು ಒಂದು ಸೆಂಟಿಮೀಟರಿಗೆ ಇಳಿಸಿದ್ದಳು. ಜಾಗ ಉಳಿಸಲು ಪುಟವನ್ನು ಎರಡು ಕಾಲಂಗಳಾಗಿಯೂ ಸೀಳಿದ್ದಳು. ಅದು ಅಂತರ್ಜಾಲದಿಂದ ಇಳಿಸಿಕೊಂಡ ಮಾದರಿ. ಎಡಗಡೆ ನೀಲಿ ಪಟ್ಟಿಯಲ್ಲಿ ಸ್ಕಿಲ್ಸ್, ಬಲಗಡೆ ಉಳಿದದ್ದು. ಪೈಥಾನ್‌ಗೆ ಐದರಲ್ಲಿ ನಾಲ್ಕು ಚುಕ್ಕೆ, ಜಾವಾಗೆ ಮೂರು ಚುಕ್ಕೆ ಎಂದೂ ತುಂಬಿದ್ದಳು. ಆ ಚುಕ್ಕೆಗಳನ್ನು ಯಾರು ಯಾವ ಅಳತೆಯಿಂದ ಕೊಟ್ಟರು ಎಂದು ಕೇಳಿದೆ. ಆಕೆಯ ಬಳಿ ಉತ್ತರವಿರಲಿಲ್ಲ.

ಅರ್ಜಿಗಳು ಎಲ್ಲಿ ಎಡವುತ್ತಿದ್ದಿರಬಹುದು ಎಂಬುದರ ಒಂದು ಸುಳಿವು ಸಿಕ್ಕಿದ್ದು ಆ ದಿನವೇ. ಆಕೆಯ ಲ್ಯಾಪ್‌ಟಾಪಿನಲ್ಲಿ ಆ ಪಿಡಿಎಫ್ ತೆರೆದು, `Ctrl+A` ಒತ್ತಿ ಎಲ್ಲವನ್ನೂ ಆಯ್ದು, `Ctrl+C` ಒತ್ತಿ, ನೋಟ್‌ಪ್ಯಾಡ್‌ನಲ್ಲಿ `Ctrl+V` ಮೂಲಕ ಅಂಟಿಸಲು ಹೇಳಿದೆ. ಪೈಥಾನ್ ಎಂಬ ಪದದ ಪಕ್ಕದಲ್ಲಿ ಪ್ರಾಜೆಕ್ಟ್‌ನ ಅರ್ಧ ವಾಕ್ಯ ಬಂತು. ಅದರ ಕೆಳಗೆ ಎಚ್‌ಟಿಎಂಎಲ್ ಮತ್ತು ಆ ವಾಕ್ಯದ ಉಳಿದ ಅರ್ಧ. ಚುಕ್ಕೆಗಳ ಜಾಗದಲ್ಲಿ ಖಾಲಿ ಚೌಕಗಳು ಕಾಣಿಸಿದವು. ಇಂಥ ಫೈಲನ್ನು ಕಂಪನಿಯ ಅರ್ಜಿ ಪೋರ್ಟಲ್ ಓದಿದಾಗಲೂ ಇದೇ ಬಗೆಯ ಕಲಸುಮೇಲೋಗರ ಆಗುವ ಸಾಧ್ಯತೆಯಿದೆ. ಪೋರ್ಟಲ್‌ಗೆ ರೆಸ್ಯೂಮೆ ಹಾಕಿದ ಕೂಡಲೇ ಹೆಸರು, ಕಾಲೇಜು, ವರ್ಷದ ಖಾನೆಗಳು ತಾವಾಗಿ ತುಂಬಿಕೊಳ್ಳುತ್ತವಲ್ಲ, ಕೋಷ್ಟಕವಿದ್ದ ಹಳೆಯ ರೆಸ್ಯೂಮೆ ಹಾಕಿದಾಗ ಅವು ಸರಿಯಾಗಿ ತುಂಬುತ್ತಿದ್ದವೇ ಎಂದು ಕೇಳಿದಾಗ ಆಕೆಗೆ ನೆನಪಾಯಿತು: ಕಾಲೇಜಿನ ಖಾನೆಯಲ್ಲಿ ಪ್ರತಿ ಸಲವೂ ಬೇರೇನೋ ಬರುತ್ತಿತ್ತು, ಆಕೆ ಅಳಿಸಿ ಮತ್ತೆ ಬರೆಯುತ್ತಿದ್ದಳು. ಎಲ್ಲ ಕಂಪನಿಗಳೂ ಇಂಥ ತಂತ್ರಾಂಶದಿಂದಲೇ ಆರಿಸುತ್ತವೆ ಎಂದು ನಾನು ಹೇಳುವುದಿಲ್ಲ. ಆದರೆ ಯಂತ್ರ ಓದಿದರೂ ಮನುಷ್ಯ ಓದಿದರೂ, ಮೇಲಿನಿಂದ ಕೆಳಕ್ಕೆ ಒಂದೇ ಕಾಲಂನಲ್ಲಿ ಹರಿಯುವ ಪುಟದಿಂದ ನಷ್ಟವಿಲ್ಲ.

ಮೂರನೆಯ ಕರಡನ್ನು ಇಬ್ಬರೂ ಕೂಡಿ ಖಾಲಿ ಹಾಳೆಯಿಂದ ಆರಂಭಿಸಿದೆವು. ಎಡಬಲ ಅಂಚು ಎರಡು ಸೆಂಟಿಮೀಟರ್, ಮೇಲೆ ಕೆಳಗೆ 1.8 ಸೆಂಟಿಮೀಟರ್, ಕ್ಯಾಲಿಬ್ರಿ ಅಕ್ಷರ 10.5 ಪಾಯಿಂಟ್, ಸಾಲಿನ ಅಂತರ 1.1. ಈ ಲೆಕ್ಕದಲ್ಲಿ ಒಂದು ಸಾಲು ಸುಮಾರು ಅರ್ಧ ಸೆಂಟಿಮೀಟರ್ ಆಗುತ್ತದೆ, ಅಂದರೆ ಇಡೀ ಪುಟಕ್ಕೆ ಸುಮಾರು 52 ಸಾಲು. ಅಕ್ಷರವನ್ನು 10 ಪಾಯಿಂಟಿಗಿಂತ ಕೆಳಗೆ ಇಳಿಸಬಾರದು ಎಂಬ ಒಂದೇ ಷರತ್ತನ್ನು ಹಾಕಿ, ಈ 52 ಸಾಲುಗಳನ್ನು ಮನೆಖರ್ಚಿನ ಹಣದಂತೆ ಹಂಚಲು ಹೇಳಿದೆ. ಐದು ವಿಭಾಗಗಳ ಶೀರ್ಷಿಕೆಗಳು ತಮ್ಮ ಅಂತರವೂ ಸೇರಿ ಹನ್ನೊಂದು ಹನ್ನೆರಡು ಸಾಲು ತಿನ್ನುತ್ತವೆ. ಹೆಸರು ಮತ್ತು ಸಂಪರ್ಕಕ್ಕೆ ಮೂರು ನಾಲ್ಕು ಸಾಲು ಸಾಕು. ಓದಿಗೆ ನಾಲ್ಕು, ಸ್ಕಿಲ್ಸ್‌ಗೆ ನಾಲ್ಕು, ಇಂಟರ್ನ್‌ಶಿಪ್‌ಗೆ ಐದು, ಸರ್ಟಿಫಿಕೇಟ್‌ಗೆ ಮೂರು ಕೊಟ್ಟ ಮೇಲೂ ಪ್ರಾಜೆಕ್ಟ್‌ಗಳಿಗೆ ಇಪ್ಪತ್ತು ಸಾಲಾದರೂ ಉಳಿದವು.

ವಿಭಾಗಗಳ ಕ್ರಮದ ಬಗ್ಗೆ ಆಕೆ ಕೇಳಿದ ಪ್ರಶ್ನೆ ಸರಿಯಾದದ್ದೇ ಆಗಿತ್ತು. ಪ್ರಾಜೆಕ್ಟ್ ಅಷ್ಟು ಮುಖ್ಯವಾದರೆ ಅದನ್ನೇ ಮೊದಲು ಏಕೆ ಇಡಬಾರದು? ಫ್ರೆಶರ್ ನೇಮಕಾತಿಯಲ್ಲಿ ತೇರ್ಗಡೆಯಾದ ವರ್ಷ, ಶಾಖೆ ಮತ್ತು ಅಂಕಗಳ ಕನಿಷ್ಠ ಮಿತಿ ಇರುವುದು ಸಾಮಾನ್ಯ. ಮೊದಲು ನೋಡುವವರು ಹುಡುಕುವುದು ಅದನ್ನೇ, ಸಿಗದಿದ್ದರೆ ಮುಂದೆ ಓದುವುದಿಲ್ಲ. ಆದ್ದರಿಂದ ಹೆಸರು ಮತ್ತು ಸಂಪರ್ಕದ ಕೆಳಗೆ ಎಜುಕೇಶನ್, ಅನಂತರ ಸ್ಕಿಲ್ಸ್, ಅದರ ಕೆಳಗೆ ಪ್ರಾಜೆಕ್ಟ್ಸ್, ಆಮೇಲೆ ಇಂಟರ್ನ್‌ಶಿಪ್, ಕೊನೆಗೆ ಸರ್ಟಿಫಿಕೇಟ್ಸ್ ಎಂದು ಇಟ್ಟೆವು. ಇಂಟರ್ನ್‌ಶಿಪ್‌ನಲ್ಲಿ ನಿಜವಾಗಿ ಕೋಡ್ ಬರೆದಿದ್ದರೆ ಅದು ಪ್ರಾಜೆಕ್ಟ್‌ಗಿಂತ ಮೇಲೆ ಹೋಗಬೇಕು. ಆಕೆಯದು ಬಹುಮಟ್ಟಿಗೆ ತರಗತಿ ಕೇಳಿದ ಒಂದು ತಿಂಗಳಾದ್ದರಿಂದ ಕೆಳಗೇ ಉಳಿಯಿತು. ಒಂದೆರಡು ವರ್ಷ ಕೆಲಸ ಮಾಡಿದ ಮೇಲೆ ಎಜುಕೇಶನ್ ತಾನೇ ಕೆಳಕ್ಕೆ ಇಳಿಯುತ್ತದೆ.

ಎಜುಕೇಶನ್ ವಿಭಾಗದ ಕೋಷ್ಟಕವನ್ನು ತೆಗೆದು ಬಿ.ಇ., ಪಿಯುಸಿ, ಎಸ್ಸೆಸ್ಸೆಲ್ಸಿಗಳನ್ನು ಸಾದಾ ಸಾಲುಗಳಾಗಿ ಬರೆದೆವು. ಸಿಜಿಪಿಎಯನ್ನು ಅಂಕಪಟ್ಟಿಯಲ್ಲಿ ಇದ್ದಂತೆಯೇ ಹತ್ತಕ್ಕೆ ಎಷ್ಟು ಎಂದು ನಮೂದಿಸಿದೆವು. ಸ್ಕಿಲ್ಸ್‌ನಲ್ಲಿದ್ದ ಹದಿನಾಲ್ಕು ಹೆಸರುಗಳಲ್ಲಿ, ಕೆಳಗಿನ ಪ್ರಾಜೆಕ್ಟ್‌ನಲ್ಲಿ ಅಥವಾ ಲ್ಯಾಬ್‌ನಲ್ಲಿ ತಾನು ಬಳಸಿದ್ದನ್ನು ತೋರಿಸಬಲ್ಲ ಏಳನ್ನು ಮಾತ್ರ ಆಕೆ ಉಳಿಸಿಕೊಂಡಳು.

ಅಂತರದ ವಿಷಯಕ್ಕೆ ಹೆಚ್ಚು ಹೊತ್ತು ಕೊಟ್ಟೆವು, ಏಕೆಂದರೆ ಅಲ್ಲಿನ ತಪ್ಪು ಕಣ್ಣಿಗೆ ಕಂಡರೂ ಕಾರಣ ಹೊಳೆಯುವುದಿಲ್ಲ. ಆಕೆಯ ಹಳೆಯ ಪುಟದಲ್ಲಿ ಪ್ರತಿ ಶೀರ್ಷಿಕೆಯ ಮೇಲೂ ಕೆಳಗೂ ಎರಡೆರಡು ಸಲ ಎಂಟರ್ ಒತ್ತಿದ್ದರಿಂದ ಎರಡೂ ಕಡೆಯ ಜಾಗ ಸಮನಾಗಿತ್ತು. ಶೀರ್ಷಿಕೆ ಯಾವ ವಿಭಾಗಕ್ಕೆ ಸೇರಿದ್ದು ಎಂದು ಕಣ್ಣು ಪ್ರತಿ ಸಲವೂ ಹುಡುಕಬೇಕಾಗುತ್ತಿತ್ತು. ಪ್ಯಾರಾಗ್ರಾಫ್ ಸೆಟ್ಟಿಂಗ್‌ನಲ್ಲಿ ಶೀರ್ಷಿಕೆಯ ಮೇಲೆ 12 ಪಾಯಿಂಟ್, ಕೆಳಗೆ 4 ಪಾಯಿಂಟ್ ಕೊಟ್ಟ ಕೂಡಲೇ ಅದು ತನ್ನ ವಿಷಯಕ್ಕೆ ಅಂಟಿಕೊಂಡಿತು. ದಿನಾಂಕಗಳನ್ನು ಆಕೆ ಸ್ಪೇಸ್‌ಬಾರ್ ಒತ್ತಿ ಬಲಕ್ಕೆ ತಳ್ಳಿದ್ದಳು. ನಮ್ಮ ಪುಟದ ಬರಹದ ಅಗಲ ಹದಿನೇಳು ಸೆಂಟಿಮೀಟರ್ ಆದ್ದರಿಂದ, 17 ಸೆಂಟಿಮೀಟರಿನಲ್ಲಿ ಒಂದು ರೈಟ್ ಟ್ಯಾಬ್ ಇಟ್ಟು ಒಂದೇ ಸಲ ಟ್ಯಾಬ್ ಕೀ ಒತ್ತಿದಾಗ ಎಲ್ಲ ದಿನಾಂಕಗಳೂ ಬಲ ಅಂಚಿಗೆ ಒಂದೇ ನೇರಕ್ಕೆ ಬಂದು ನಿಂತವು.

ಪ್ರಾಜೆಕ್ಟ್ ಎಂದರೆ ಕಲಬುರಗಿ ಎಪಿಎಂಸಿಯ ತೊಗರಿ ಧಾರಣೆಯನ್ನು ದಿನದಿನಕ್ಕೆ ಸಂಗ್ರಹಿಸಿ ತೋರಿಸುವ ಒಂದು ವೆಬ್ ಪುಟ. ಪೈಥಾನ್, ಫ್ಲಾಸ್ಕ್ ಮತ್ತು ಮೈಎಸ್‌ಕ್ಯೂಎಲ್ ಬಳಸಿ ನಾಲ್ವರು ಕಟ್ಟಿದ್ದರು. ಹಳೆಯ ರೆಸ್ಯೂಮೆಯಲ್ಲಿ ಅದು ರೈತರಿಗೆ ಉಪಯುಕ್ತವಾದ ಉತ್ತಮ ಯೋಜನೆ ಎಂದಷ್ಟೇ ಇತ್ತು. ನಿನ್ನ ಪಾಲಿನ ಕೆಲಸ ಏನು ಎಂದು ಕೇಳಿದಾಗ ಡೇಟಾಬೇಸ್ ತನ್ನದೇ ಎಂದಳು. ಎಲ್ಲಿ ತೊಡಕಾಯಿತು ಎಂದಾಗ ಮುಖ ಅರಳಿತು. ಮಾರುಕಟ್ಟೆಗೆ ರಜೆ ಇದ್ದ ದಿನ ಹಿಂದಿನ ದಿನದ ದರವೇ ಮತ್ತೆ ದಾಖಲಾಗುತ್ತಿತ್ತಂತೆ. ಪುನರಾವರ್ತನೆ ಹಿಡಿಯಲು ದರ ಪ್ರಕಟವಾದ ದಿನಾಂಕ ಮತ್ತು ಮಾರುಕಟ್ಟೆ ಎರಡನ್ನೂ ಕೂಡಿಸಿ ಯುನೀಕ್ ಕೀ ಮಾಡಿದ್ದಳು. ಇಷ್ಟು ಹೊತ್ತು ರೆಸ್ಯೂಮೆಯಲ್ಲಿ ಇಲ್ಲದೇ ಹೋದದ್ದು ಈ ಸಂಗತಿಯೇ. ಮೊದಲ ಅಂಶದಲ್ಲಿ ಅದು ಏನು ಮಾಡುತ್ತದೆ, ಎರಡನೆಯದರಲ್ಲಿ ತನ್ನ ಪಾಲು, ಮೂರನೆಯದರಲ್ಲಿ ಈ ತೊಡಕು ಮತ್ತು ಪರಿಹಾರ ಎಂದು ತಲಾ ಎರಡು ಸಾಲು ಬರೆದಳು. ಅಂಶಗಳ ನಡುವೆ 2 ಪಾಯಿಂಟ್ ಅಂತರ ಸಾಕಾಯಿತು.

ಕೊನೆಗೆ ಎರಡು ಸಾಲು ಮುಂದಿನ ಪುಟಕ್ಕೆ ಜಾರಿದವು. ಅಕ್ಷರವನ್ನು ಚಿಕ್ಕದು ಮಾಡಲು ಆಕೆಯ ಕೈ ಮತ್ತೆ ಹೋಯಿತು. ತಡೆದು, ಒಂದೋ ಎರಡೋ ಪದ ಮಾತ್ರ ಉಳಿದಿರುವ ಸಾಲುಗಳನ್ನು ಹುಡುಕಲು ಹೇಳಿದೆ. ಅಂಥವು ಮೂರು ಇದ್ದವು. ಆ ವಾಕ್ಯಗಳಲ್ಲಿ ಒಂದೆರಡು ಪದ ತೆಗೆದಾಗ ಮೂರು ಸಾಲು ಮರಳಿ ಸಿಕ್ಕವು.

ಮರುದಿನ ಸೂಪರ್ ಮಾರ್ಕೆಟ್ ಬಳಿಯ ಜೆರಾಕ್ಸ್ ಅಂಗಡಿಯಲ್ಲಿ ವರ್ಡ್ ಫೈಲ್ ತೆರೆದಾಗ ಪುಟ ಮತ್ತೆ ಎರಡಾಯಿತೆಂದು ಫೋನ್ ಮಾಡಿದಳು. ಆ ಕಂಪ್ಯೂಟರಿನಲ್ಲಿ ಕ್ಯಾಲಿಬ್ರಿ ಇರಲಿಲ್ಲ, ಬೇರೆ ಅಗಲದ ಅಕ್ಷರ ಬಂದು ಕೂತಿತ್ತು. ಪಿಡಿಎಫ್ ಮಾಡಿಕೊಂಡೇ ಹೊರಗೆ ಒಯ್ಯಬೇಕು, `Resume_final_new2.pdf` ಎನ್ನುವುದರ ಬದಲು ತನ್ನ ಪೂರ್ಣ ಹೆಸರನ್ನು ಫೈಲಿಗೆ ಇಡಬೇಕು ಎಂದು ತಿಳಿಸಿದೆ. ನೋಟ್‌ಪ್ಯಾಡ್ ಪರೀಕ್ಷೆಯನ್ನು ಆಕೆಯೇ ಮತ್ತೊಮ್ಮೆ ಮಾಡಿದಳು. ಈ ಸಲ ಹೆಸರಿನಿಂದ ಸರ್ಟಿಫಿಕೇಟಿನವರೆಗೆ ಎಲ್ಲವೂ ಕ್ರಮವಾಗಿ ಬಂದಿತು, ಪೋರ್ಟಲ್‌ನಲ್ಲಿ ಕಾಲೇಜಿನ ಖಾನೆಯೂ ತಾನಾಗಿ ಸರಿಯಾಗಿ ತುಂಬಿತು.

ಏಳು ವಾರಗಳಲ್ಲಿ ಆಕೆಗೆ ಎರಡು ಕರೆ ಬಂದವು. ಮೊದಲನೆಯದರಲ್ಲಿ ಆಯ್ಕೆಯಾಗಲಿಲ್ಲ. ಆದರೆ ಸಂದರ್ಶನದ ಅರ್ಧ ಸಮಯ ರಜೆಯ ದಿನದ ಆ ದರದ ಬಗ್ಗೆಯೇ ಹೋಯಿತೆಂದಳು. ಕೀ ಹಾಕುವ ಮೊದಲೇ ಸೇರಿಹೋಗಿದ್ದ ಹಳೆಯ ತಪ್ಪು ದಾಖಲೆಗಳನ್ನು ಏನು ಮಾಡಿದೆ ಎಂದು ಕೇಳಿದ್ದರಂತೆ. ಅವುಗಳನ್ನು ಹುಡುಕಿ ಅಳಿಸುವ ಕ್ವೆರಿಯನ್ನು ಆ ವಾರವೇ ಬರೆದು, ಮೂರನೆಯ ಅಂಶದ ಎರಡನೆಯ ಸಾಲಿನಲ್ಲಿ ಉಳಿದಿದ್ದ ಜಾಗದಲ್ಲಿ ಅದನ್ನೂ ಸೇರಿಸಿದ್ದಾಳೆ. ಪುಟ ಒಂದೇ ಇದೆ.